ನೋಟಿಸ್ ಬೈಔಟ್ ಹಣ: ಹೊಸ ಕಂಪನಿಯಿಂದ ಯಾವ ದಾರಿಯಲ್ಲಿ ತಗೊಂಡರೆ ಒಳ್ಳೆಯದು?

ಬೆಳಗಾವಿಯ ಉದ್ಯಮಬಾಗ್‌ನಲ್ಲೋ ಮಚ್ಛೆಯಲ್ಲೋ ಕೆಲಸ ಮಾಡುವ ಎಂಜಿನಿಯರಿಗೆ ಪುಣೆಯಿಂದಲೋ ಬೆಂಗಳೂರಿನಿಂದಲೋ ಆಫರ್ ಬರುತ್ತದೆ. ಇಲ್ಲಿ ನೋಟಿಸ್ ಪೀರಿಯಡ್ 90 ದಿನ. ಅಲ್ಲಿಯವರಿಗೆ 30 ದಿನದೊಳಗೆ ಜನ ಬೇಕು. "ಉಳಿದ ದಿನಗಳ ದುಡ್ಡು ಕಟ್ಟಿ ಬಂದುಬಿಡಿ, ಅದನ್ನ ನಾವು ಕೊಡ್ತೀವಿ" ಅಂತ ಎಚ್‌ಆರ್ ಹೇಳುತ್ತಾರೆ. ಇದೇ ನೋಟಿಸ್ ಬೈಔಟ್. ಮಾತು ಅಲ್ಲಿಗೆ ಮುಗಿಯುತ್ತದೆ. ಆ ಹಣ ಯಾವ ಹೆಸರಲ್ಲಿ ಬರುತ್ತದೆ, ಯಾವ ತಿಂಗಳು ಬರುತ್ತದೆ, ಅದರ ಮೇಲಿನ ತೆರಿಗೆ ಯಾರ ತಲೆ ಮೇಲೆ ಅಂತ ಯಾರೂ ಕೇಳುವುದಿಲ್ಲ.

ನಾನು ಬೆಳಗಾವಿಯಲ್ಲಿ ಸಣ್ಣ ಕಾರ್ಖಾನೆಗಳ ಪೇರೋಲ್ ನೋಡುತ್ತೇನೆ, ಜೊತೆಗೆ ನೌಕರರ ಐಟಿ ರಿಟರ್ನ್ ತುಂಬುತ್ತೇನೆ. ಪ್ರತಿ ಜುಲೈನಲ್ಲೂ ಈ ಪ್ರಶ್ನೆ ಬರುತ್ತದೆ. ಬರುವುದು ತಡವಾಗಿ, ಆಫರ್‌ಗೆ ಸಹಿ ಹಾಕಿ ವರ್ಷ ಮುಗಿದ ಮೇಲೆ. ಆಗ ಬದಲಾಯಿಸಲು ಹೆಚ್ಚೇನೂ ಉಳಿದಿರುವುದಿಲ್ಲ. ಅದಕ್ಕೇ ಆಫರ್ ಒಪ್ಪುವ ಮೊದಲೇ ಈ ಹೋಲಿಕೆ ಮಾಡಿಕೊಳ್ಳಿ ಅಂತ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೊಸ ಕಂಪನಿ ಕೊಡುವ ಬೈಔಟ್ ಹಣಕ್ಕೆ ತೆರಿಗೆ ಇದ್ದೇ ಇದೆ. ಅದನ್ನು ರಿಇಂಬರ್ಸ್‌ಮೆಂಟ್ ಅಂತ ಕರೆದರೂ ಅಷ್ಟೇ, ಬೋನಸ್ ಅಂತ ಕರೆದರೂ ಅಷ್ಟೇ. ಟೂರಿಗೆ ಹೋಗಿ ಬಂದು ಬಸ್ ಟಿಕೆಟ್, ಲಾಡ್ಜ್ ಬಿಲ್ ಕೊಟ್ಟು ತಗೊಳ್ಳುವ ಹಣ ಕಂಪನಿಯ ಕೆಲಸಕ್ಕೆ ಆದ ಖರ್ಚು. ನೋಟಿಸ್ ಪೂರೈಸದೆ ಹೊರಟಿದ್ದಕ್ಕೆ ಹಳೆ ಕಂಪನಿಗೆ ಕೊಡಬೇಕಾದ ಹಣ ಹಾಗಲ್ಲ, ಅದು ನಿಮ್ಮ ಸ್ವಂತ ಹೊಣೆ. ನಿಮ್ಮ ಹೊಣೆಯನ್ನು ಕಂಪನಿ ತೀರಿಸಿದರೆ ಕಾನೂನು ಅದನ್ನು ಸಂಬಳದ ಲೆಕ್ಕಕ್ಕೇ ಹಾಕುತ್ತದೆ. ಹಾಗಾದರೆ ನಮ್ಮ ಕೈಯಲ್ಲಿ ಇರುವ ಆಯ್ಕೆ ಏನು? ಹಣ ಯಾವ ದಾರಿಯಲ್ಲಿ ಬರಬೇಕು, ಯಾವ ವರ್ಷಕ್ಕೆ ಬರಬೇಕು, ಹಳೆ ಕಂಪನಿ ಆ ಕಡಿತವನ್ನು ಕಾಗದದಲ್ಲಿ ಹೇಗೆ ಬರೆಯಬೇಕು ಅನ್ನುವುದು. ಇಷ್ಟರಲ್ಲೇ ಕೆಲವರಿಗೆ ಅರ್ಧ ಲಕ್ಷದ ವ್ಯತ್ಯಾಸ ಬರುತ್ತದೆ.

ಒಬ್ಬರ ಲೆಕ್ಕ

ಲೆಕ್ಕ ಇಲ್ಲದೆ ಇದು ತಲೆಗೆ ಹತ್ತುವುದಿಲ್ಲ. ಹಾಗಾಗಿ ಒಬ್ಬ ಡಿಸೈನ್ ಎಂಜಿನಿಯರ್ ಅಂದುಕೊಳ್ಳೋಣ. ಬೆಳಗಾವಿಯ ಕಂಪನಿಯಲ್ಲಿ ತಿಂಗಳಿಗೆ ಗ್ರಾಸ್ 85,000 ರೂಪಾಯಿ, ಅದರಲ್ಲಿ ಬೇಸಿಕ್ 42,500. 2025ರ ಜೂನ್ 1ಕ್ಕೆ ರಾಜೀನಾಮೆ ಕೊಟ್ಟರು, ಜೂನ್ 30 ಕೊನೆಯ ದಿನ. ಜುಲೈ 1ಕ್ಕೆ ಪುಣೆಯಲ್ಲಿ ಸೇರಿದರು, ಅಲ್ಲಿ ತಿಂಗಳಿಗೆ ಗ್ರಾಸ್ 1,00,000. ನೋಟಿಸ್ 90 ದಿನ ಇತ್ತು, 30 ದಿನ ಮುಗಿಸಿದರು, 60 ದಿನ ಬಾಕಿ. ಖಾತೆಯಲ್ಲಿ ರಜೆ ಉಳಿದಿರಲಿಲ್ಲ.

ಈಗ ಮೊದಲ ಪ್ರಶ್ನೆ: 60 ದಿನಕ್ಕೆ ಎಷ್ಟು ಕಟ್ಟಬೇಕು? ಬೇಸಿಕ್ ಮೇಲೆ ಲೆಕ್ಕ ಹಾಕಿದರೆ 85,000. ಗ್ರಾಸ್ ಮೇಲೆ ಹಾಕಿದರೆ 1,70,000. ಇದನ್ನು ತೀರ್ಮಾನಿಸುವುದು ನಿಮ್ಮ ಅಪಾಯಿಂಟ್‌ಮೆಂಟ್ ಲೆಟರ್. ಎಷ್ಟೋ ಲೆಟರ್‌ಗಳಲ್ಲಿ "ನೋಟಿಸ್ ಬದಲಿಗೆ ಬೇಸಿಕ್ ಸಂಬಳ" ಅಂತ ಸ್ಪಷ್ಟವಾಗಿ ಇರುತ್ತದೆ, ಆದರೂ ಫುಲ್ ಅಂಡ್ ಫೈನಲ್, ಅಂದರೆ ಕೆಲಸ ಬಿಡುವಾಗಿನ ಕೊನೆಯ ಲೆಕ್ಕ ಮಾಡುವಾಗ ಸಾಫ್ಟ್‌ವೇರ್ ಗ್ರಾಸ್ ಹಿಡಿದು ಕಡಿಯುತ್ತದೆ. ಆ ಲೆಟರ್ ತೆಗೆದು ಓದಿ. ಹೊಸ ಕಂಪನಿ ಕೊಡುತ್ತದಲ್ಲ, ನಮಗೇನು ಅಂತ ಬಿಡಬೇಡಿ. ಕಡಿತ ಕಡಿಮೆಯಾದರೆ ರಿಇಂಬರ್ಸ್‌ಮೆಂಟ್ ಕಡಿಮೆಯಾಗುತ್ತದೆ, ಅದರ ಮೇಲಿನ ತೆರಿಗೆಯೂ ಕಡಿಮೆಯಾಗುತ್ತದೆ. ರಜೆ ಉಳಿದಿದ್ದರೆ ಅದನ್ನು ನೋಟಿಸ್ ದಿನಗಳಿಗೆ ಹೊಂದಿಸಿಕೊಳ್ಳುತ್ತೀರಾ ಅಂತಲೂ ಕೇಳಿ.

ನಮ್ಮ ಎಂಜಿನಿಯರ್ ಲೆಟರ್‌ನಲ್ಲಿ ಗ್ರಾಸ್ ಅಂತಲೇ ಇದೆ ಅಂದುಕೊಳ್ಳೋಣ. ಅಂದರೆ ಬೈಔಟ್ 1,70,000. ಏಪ್ರಿಲ್, ಮೇ ಸಂಬಳ ಆಗಲೇ ಕೈಗೆ ಬಂದಿದೆ. ಜೂನ್ ಸಂಬಳ 85,000 ಅನ್ನು ಕಂಪನಿ ತಡೆಹಿಡಿದು ಅದರಲ್ಲಿ ಮುರಿದುಕೊಂಡಿತು. ಇನ್ನುಳಿದ 85,000 ಅನ್ನು ಇವರು ತಮ್ಮ ಖಾತೆಯಿಂದ ಎನ್‌ಇಎಫ್‌ಟಿ ಮಾಡಿದರು. ಈ ಎರಡು ಭಾಗ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಣ ಬರುವ ಮೂರು ದಾರಿ

ಮೊದಲನೆಯದು ಪೇರೋಲ್ ಮೂಲಕ ರಿಇಂಬರ್ಸ್‌ಮೆಂಟ್. ಹೆಚ್ಚಿನ ಕಂಪನಿಗಳು ಮಾಡುವುದು ಇದನ್ನೇ. ನೀವು ಹಳೆ ಕಂಪನಿಗೆ ಕಟ್ಟುತ್ತೀರಿ, ನೋಟಿಸ್ ಕಡಿತ ಕಾಣಿಸುವ ಫುಲ್ ಅಂಡ್ ಫೈನಲ್ ಸ್ಟೇಟ್‌ಮೆಂಟ್, ಹಣ ಕಟ್ಟಿದ ರಸೀದಿ, ರಿಲೀವಿಂಗ್ ಲೆಟರ್ ಮೂರನ್ನೂ ಹೊಸ ಕಂಪನಿಗೆ ಕೊಡುತ್ತೀರಿ, ಅವರು ಮುಂದಿನ ಸಂಬಳದ ಜೊತೆ ಹಾಕುತ್ತಾರೆ. ಇದರಲ್ಲಿ ತೊಂದರೆ ಇರುವುದು ನಡುವಿನ ತಿಂಗಳುಗಳಲ್ಲಿ. ನಮ್ಮ ಎಂಜಿನಿಯರಿಗೆ ಜೂನ್ ಸಂಬಳ ಬರಲಿಲ್ಲ, ಮೇಲೆ 85,000 ಕೈಯಿಂದ ಹೋಯಿತು, ಪುಣೆಯಲ್ಲಿ ಮನೆಗೆ ಡೆಪಾಸಿಟ್ ಬೇರೆ. ಹಳೆ ಕಂಪನಿ ಫುಲ್ ಅಂಡ್ ಫೈನಲ್ ಕಾಗದ ಕೊಡಲು ಎರಡು ತಿಂಗಳು ಎಳೆದರೆ ಹೊಸ ಕಂಪನಿಯ ಹಣವೂ ಅಷ್ಟೇ ತಡ. ಇಷ್ಟು ತಿಂಗಳೊಳಗೆ ಕಾಗದ ಕೊಡದಿದ್ದರೆ ಹಣ ಸಿಗುವುದಿಲ್ಲ ಅನ್ನುವ ಗಡುವು ಕೆಲವು ಆಫರ್‌ಗಳಲ್ಲಿ ಇರುತ್ತದೆ. ಅದನ್ನು ನೋಡಿಕೊಳ್ಳಿ.

ಎರಡನೆಯದು ಜಾಯ್ನಿಂಗ್ ಬೋನಸ್. ಬೈಔಟ್ ಅನ್ನುವ ಹೆಸರೇ ಇಲ್ಲದೆ, ಅಷ್ಟೇ ಮೊತ್ತವನ್ನು ಬೋನಸ್ ಅಂತ ಆಫರ್‌ನಲ್ಲಿ ಬರೆಯುತ್ತಾರೆ. ರಸೀದಿ ಬೇಡ. ಸಾಮಾನ್ಯವಾಗಿ ಮೊದಲ ಸಂಬಳದ ಜೊತೆಗೇ ಬರುತ್ತದೆ. ಹಳೆ ಕಂಪನಿಯ ಮ್ಯಾನೇಜರ್ ಮನಸ್ಸು ಮಾಡಿ 60 ದಿನವನ್ನು 30ಕ್ಕೆ ಇಳಿಸಿದರೂ ಬೋನಸ್ ಪೂರ್ತಿ ನಿಮ್ಮದೇ. ರಿಇಂಬರ್ಸ್‌ಮೆಂಟ್ ಆದರೆ ಕಟ್ಟಿದಷ್ಟೇ ಬರುತ್ತಿತ್ತು. ಆದರೆ ವಾಪಸಾತಿ ಷರತ್ತು ಬೋನಸ್‌ಗೆ ಜಾಸ್ತಿ ಬಿಗಿಯಾಗಿರುತ್ತದೆ. ವರ್ಷದೊಳಗೆ ಬಿಟ್ಟರೆ ಪೂರ್ತಿ ಹಣ ವಾಪಸ್ ಅಂತ ಬರೆದಿರುತ್ತದೆ.

ಮೂರನೆಯದು ಹೊಸ ಕಂಪನಿ ನೇರವಾಗಿ ಹಳೆ ಕಂಪನಿಯ ಖಾತೆಗೆ ಕಟ್ಟುವುದು. ಇದು ಅಪರೂಪ. ನಿಮ್ಮ ಕೈಯಿಂದ ಒಂದು ರೂಪಾಯಿ ಹೋಗುವುದಿಲ್ಲ, ಜೂನ್ ಸಂಬಳವೂ ಪೂರ್ತಿ ಸಿಗುತ್ತದೆ. "ದುಡ್ಡು ನನ್ನ ಖಾತೆಗೇ ಬಂದಿಲ್ಲ, ಹಾಗಾಗಿ ತೆರಿಗೆ ಇಲ್ಲ" ಅಂತ ಎಷ್ಟೋ ಜನ ನಂಬಿದ್ದಾರೆ. ಅದು ತಪ್ಪು. ನೀವು ಕೊಡಬೇಕಾದದ್ದನ್ನು ಮಾಲೀಕರು ಕೊಟ್ಟರೆ ಅದು ಪರ್ಕ್ವಿಸಿಟ್, ಅಂದರೆ ಸಂಬಳದಂತೆಯೇ ತೆರಿಗೆ ಬೀಳುವ ಸೌಲಭ್ಯ ಅಂತ 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 17(2)ರಲ್ಲೇ ಇದೆ. ಫಾರ್ಮ್ 16ರಲ್ಲಿ 1,70,000 ಅಲ್ಲಿಯೇ ಬಂದು ಕೂರುತ್ತದೆ.

ನೇರ ಪಾವತಿಯಲ್ಲಿ ಜಿಎಸ್‌ಟಿಯ ಮಾತೂ ಬರುತ್ತದೆ. ಹಳೆ ಕಂಪನಿ 1,70,000ಕ್ಕೆ 18 ಪರ್ಸೆಂಟ್ ಜಿಎಸ್‌ಟಿ ಸೇರಿಸಿ ಕೇಳಿದರೆ ಒಪ್ಪಬೇಡಿ. ನೋಟಿಸ್ ಕಡಿತಕ್ಕೆ ಜಿಎಸ್‌ಟಿ ಇಲ್ಲ ಅಂತ ಕೇಂದ್ರದ ಪರೋಕ್ಷ ತೆರಿಗೆ ಮಂಡಳಿ 2022ರ ಆಗಸ್ಟ್ 3ರ 178ನೇ ಸುತ್ತೋಲೆಯಲ್ಲಿ ಸ್ಪಷ್ಟ ಮಾಡಿದೆ. ನೌಕರ ಮಧ್ಯದಲ್ಲಿ ಬಿಟ್ಟು ಹೋಗದಂತೆ ತಡೆಯಲು ಇಟ್ಟ ದಂಡ ಅದು, ಕಂಪನಿ ಮಾರಿದ ಸೇವೆ ಅಲ್ಲ ಅನ್ನುವುದು ಅದರ ಸಾರ. ಕೈಯಿಂದ ಕಟ್ಟುವವರಿಗೂ ಇದೇ ಅನ್ವಯ. ಸುತ್ತೋಲೆಯ ನಂಬರ್ ಹಾಕಿ ಒಂದು ಮೇಲ್ ಕಳಿಸಿದರೆ ಸಾಕು.

12 ಲಕ್ಷದ ಗೆರೆ

ಈಗ ನಮ್ಮ ಎಂಜಿನಿಯರ್‌ನ ವರ್ಷದ ಲೆಕ್ಕ ನೋಡೋಣ. 2025-26, ಹೊಸ ತೆರಿಗೆ ಪದ್ಧತಿ. ಬೆಳಗಾವಿಯ ಮೂರು ತಿಂಗಳ ಸಂಬಳ 2,55,000. ಪುಣೆಯ ಒಂಬತ್ತು ತಿಂಗಳು 9,00,000. ಒಟ್ಟು 11,55,000. ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 10,80,000. ಹೊಸ ಪದ್ಧತಿಯಲ್ಲಿ ತೆರಿಗೆಗೆ ಒಳಪಡುವ ಆದಾಯ 12 ಲಕ್ಷದ ಒಳಗಿದ್ದರೆ ರಿಬೇಟ್ ಸಿಕ್ಕು ತೆರಿಗೆ ಸೊನ್ನೆ. ಅಂದರೆ ಬೈಔಟ್ ಇಲ್ಲದಿದ್ದರೆ ಇವರು ಏನೂ ಕಟ್ಟಬೇಕಿಲ್ಲ.

ಈಗ 1,70,000 ಸೇರಿಸಿ. 12,50,000 ಆಯಿತು. ಗೆರೆ ದಾಟಿತು. ಸ್ಲ್ಯಾಬ್ ಪ್ರಕಾರ ತೆರಿಗೆ 67,500 ಆಗುತ್ತದೆ. ಗೆರೆಯನ್ನು ಸ್ವಲ್ಪವೇ ದಾಟಿದವರಿಗೆ ಮಾರ್ಜಿನಲ್ ರಿಲೀಫ್ ಅಂತ ಇದೆ: 12 ಲಕ್ಷದ ಮೇಲೆ ಎಷ್ಟು ಬಂದಿದೆಯೋ ಅದಕ್ಕಿಂತ ಜಾಸ್ತಿ ತೆರಿಗೆ ಹಾಕುವಂತಿಲ್ಲ. ಹಾಗಾಗಿ ತೆರಿಗೆ 50,000ಕ್ಕೆ ನಿಲ್ಲುತ್ತದೆ, ಮೇಲೆ 4 ಪರ್ಸೆಂಟ್ ಸೆಸ್ 2,000. ಒಟ್ಟು 52,000.

ಯೋಚನೆ ಮಾಡಿ. ಹಳೆ ಕಂಪನಿಗೆ 1,70,000 ಕೊಟ್ಟರು, ಹೊಸ ಕಂಪನಿಯಿಂದ 1,70,000 ತಗೊಂಡರು. ಜೇಬಿಗೆ ಸೇರಿದ್ದು ಏನೂ ಇಲ್ಲ. ತೆರಿಗೆ ಮಾತ್ರ 52,000. ಇದು ನನಗೆ ನಿಜಕ್ಕೂ ಅನ್ಯಾಯ ಅನಿಸುತ್ತದೆ. ಈ ಸಂಬಳದ ಮಟ್ಟದಲ್ಲಿ ನಮ್ಮ ಭಾಗದ ಹುಡುಗರು ಹುಡುಗಿಯರು ತುಂಬಾ ಜನ ಇದ್ದಾರೆ, ಮನೆಯ ಸಾಲವನ್ನೋ ತಂಗಿಯ ಓದನ್ನೋ ನೋಡಿಕೊಳ್ಳುತ್ತಿರುವವರು. ಅವರಿಗೆ 52,000 ಸಣ್ಣ ಮೊತ್ತ ಅಲ್ಲ.

ಇಲ್ಲಿ ಗ್ರಾಸ್-ಅಪ್ ಬಗ್ಗೆಯೂ ಹೇಳಬೇಕು. ತೆರಿಗೆಯನ್ನೂ ಸೇರಿಸಿ ಜಾಸ್ತಿ ಹಣ ಕೊಡುತ್ತೇವೆ ಅಂತ ಕೆಲವು ಕಂಪನಿಗಳು ಒಪ್ಪುತ್ತವೆ. 24 ಲಕ್ಷ ದಾಟಿದವರಿಗೆ ಇದು ಸರಳ. ಸೆಸ್ ಸೇರಿ 31.2 ಪರ್ಸೆಂಟ್ ತೆರಿಗೆ, 1,70,000 ಕೈಗೆ ಸಿಗಬೇಕಾದರೆ ಕಂಪನಿ ಸುಮಾರು 2,47,000 ಕೊಡಬೇಕು. ಗೆರೆಯ ಮೇಲೆ ನಿಂತಿರುವ ನಮ್ಮ ಎಂಜಿನಿಯರಿಗೆ ಇದು ಹಾಗೆ ಕೆಲಸ ಮಾಡುವುದಿಲ್ಲ. 12 ಲಕ್ಷದಿಂದ ಸುಮಾರು 12,70,600ರ ತನಕ ಸಿಕ್ಕ ಪ್ರತಿ ರೂಪಾಯಿ ತೆರಿಗೆಗೇ ಹೋಗುತ್ತದೆ. ಕಂಪನಿ 10,000 ಹೆಚ್ಚು ಕೊಟ್ಟರೆ ತೆರಿಗೆ 10,400 ಹೆಚ್ಚುತ್ತದೆ. ಇಂಥವರು ಗ್ರಾಸ್-ಅಪ್ ಕೇಳುವುದಕ್ಕಿಂತ ಗೆರೆಯ ಕೆಳಗೆ ಉಳಿಯುವ ದಾರಿ ನೋಡಬೇಕು. ನನಗೆ ಗೊತ್ತಿರುವ ದಾರಿ ಮೂರು.

ಹಳೆ ಕಂಪನಿಯ ಕಾಗದದಲ್ಲಿ ಏನು ಬರೆದಿದೆ?

ಮೊದಲ ದಾರಿ ಈ ಕಾಗದದಲ್ಲೇ ಇದೆ. ಜೂನ್ ಸಂಬಳ 85,000 ಇವರ ಕೈಗೆ ಬರಲೇ ಇಲ್ಲ. ಆ ಸಂಬಳಕ್ಕೆ ತೆರಿಗೆ ಬೇಕಾ? ಈ ಪ್ರಶ್ನೆಗೆ ಎರಡು ಉತ್ತರಗಳಿವೆ. ಸಂಬಳ ಕೊಡಬೇಕಾದ ಹಂತಕ್ಕೆ ಬಂದಾಗಲೇ ತೆರಿಗೆ ಬೀಳುತ್ತದೆ, ಮತ್ತು ಸಂಬಳದಿಂದ ಏನೇನು ಕಳೆಯಬಹುದು ಅಂತ ಕಾಯ್ದೆಯಲ್ಲಿ ಇರುವ ಪಟ್ಟಿಯಲ್ಲಿ ನೋಟಿಸ್ ಕಡಿತ ಇಲ್ಲ, ಹಾಗಾಗಿ ಪೂರ್ತಿ ಸಂಬಳಕ್ಕೆ ತೆರಿಗೆ ಕಟ್ಟಿ ಅನ್ನುವುದು ಇಲಾಖೆಯ ವಾದ. ಇನ್ನೊಂದು ಕಡೆ, ಅಹ್ಮದಾಬಾದಿನ ಆದಾಯ ತೆರಿಗೆ ನ್ಯಾಯಮಂಡಳಿ 2017ರಲ್ಲಿ ನೌಕರನ ಪರವಾಗಿ ಹೇಳಿತು. ನೋಟಿಸ್‌ಗಾಗಿ ಸಂಬಳದಿಂದಲೇ ಮುರಿದುಕೊಂಡರೆ, ನಿಜವಾಗಿ ಕೈಗೆ ಬಂದ ಸಂಬಳಕ್ಕೆ ಮಾತ್ರ ತೆರಿಗೆ ಅಂತ. ಇದು ನ್ಯಾಯಮಂಡಳಿಯ ಮಾತು, ಸುಪ್ರೀಂ ಕೋರ್ಟಿನದಲ್ಲ. ಎಲ್ಲ ಕಡೆ ಎಲ್ಲ ಅಧಿಕಾರಿಗಳೂ ಒಪ್ಪಲೇಬೇಕು ಅಂತಿಲ್ಲ. ಆದರೂ ಗಟ್ಟಿಯಾದ ಆಧಾರ.

ಇಲ್ಲಿ ಹಳೆ ಕಂಪನಿಯ ಅಕೌಂಟ್ಸ್ ವಿಭಾಗ ಏನು ಮಾಡುತ್ತದೆ ಅನ್ನುವುದು ಮುಖ್ಯ. ಕೆಲವರು ಜೂನ್ ಸಂಬಳ 85,000 ಅಂತ ಪೂರ್ತಿ ತೋರಿಸಿ, ಕೆಳಗೆ ನೋಟಿಸ್ ರಿಕವರಿ ಅಂತ ಕಡಿಯುತ್ತಾರೆ. ಫಾರ್ಮ್ 16ರಲ್ಲಿ 2,55,000 ಬರುತ್ತದೆ. ಇನ್ನು ಕೆಲವರು ಮುರಿದುಕೊಂಡ ಸಂಬಳವನ್ನು ಮೊತ್ತದಿಂದಲೇ ಕಳೆದು 1,70,000 ಅಂತ ತೋರಿಸುತ್ತಾರೆ. ಎರಡನೆಯ ರೀತಿ ಆದರೆ ನಮ್ಮ ಎಂಜಿನಿಯರ್‌ನ ವರ್ಷದ ಆದಾಯ 12,50,000ದಿಂದ 11,65,000ಕ್ಕೆ ಇಳಿಯುತ್ತದೆ. ಗೆರೆಯ ಕೆಳಗೆ ಬಂದರು, ತೆರಿಗೆ ಸೊನ್ನೆ. ಅಕೌಂಟ್ಸ್‌ನವರ ಒಂದು ನಮೂದಿನ ಮೇಲೆ 52,000 ನಿಂತಿದೆ.

ಕೈಯಿಂದ ಎನ್‌ಇಎಫ್‌ಟಿ ಮಾಡಿದ ಇನ್ನೊಂದು 85,000 ಬಗ್ಗೆ ಇದೇ ಧೈರ್ಯದಲ್ಲಿ ಹೇಳಲಾರೆ. ಅದು ಆಗಲೇ ಕೈಗೆ ಬಂದ ಸಂಬಳದಿಂದ ಆಮೇಲೆ ಕೊಟ್ಟ ಹಣ, "ಸಂಬಳ ನನಗೆ ಬರಲೇ ಇಲ್ಲ" ಅನ್ನುವ ವಾದ ಅಲ್ಲಿ ದುರ್ಬಲ. ಹಾಗಾಗಿ ಸಾಧ್ಯವಾದಷ್ಟೂ ಕಡಿತ ಸಂಬಳದಲ್ಲೇ ಆಗಲಿ ಅಂತ ಕೇಳಿಕೊಳ್ಳುವುದು ಒಳ್ಳೆಯದು.

ಯಾವಾಗ ಕೇಳಬೇಕು? ಫುಲ್ ಅಂಡ್ ಫೈನಲ್ ಕಾಗದ ತಯಾರಾಗುವಾಗಲೇ, ಮೇಲ್‌ನಲ್ಲಿ. ನೌಕರರ ವರ್ಷದ ಸಂಬಳದ ವಿವರ ಇಲಾಖೆಗೆ ಹೋಗುವುದು ನಾಲ್ಕನೇ ತ್ರೈಮಾಸಿಕದ ಫಾರ್ಮ್ 24ಕ್ಯೂ ಜೊತೆ, ಅದರ ಗಡುವು ಮೇ 31. ಅದಕ್ಕೆ ಮುಂಚೆ ಹೇಳಿದರೆ ತಿದ್ದುವುದು ಸುಲಭ. ಫಾರ್ಮ್ 16 ಬಂದ ಮೇಲೆ ಹೇಳಿದರೆ ಅವರು ರಿವೈಸ್ಡ್ ರಿಟರ್ನ್ ಹಾಕಬೇಕು, ಬಿಟ್ಟುಹೋದ ನೌಕರನಿಗಾಗಿ ಆ ಕೆಲಸ ಯಾರೂ ಮುಂದಾಗಿ ಮಾಡುವುದಿಲ್ಲ. ಕಂಪನಿ ಒಪ್ಪದೆ ಪೂರ್ತಿ ಸಂಬಳವನ್ನೇ ತೋರಿಸಿದರೆ? ಆಗಲೂ ರಿಟರ್ನ್‌ನಲ್ಲಿ ಕಡಿಮೆ ತೋರಿಸಬಹುದು. ಆದರೆ ಇದಕ್ಕೆ ಬೇರೆ ಕಾಲಂ ಇಲ್ಲ, ಸಂಬಳದ ಮೊತ್ತವನ್ನೇ ಇಳಿಸಿ ತುಂಬಬೇಕು. ಫಾರ್ಮ್ 16 ಜೊತೆ ತಾಳೆಯಾಗದೆ ಇಲಾಖೆಯಿಂದ ವಿವರಣೆ ಕೇಳಿ ಪತ್ರ ಬರುವ ಸಾಧ್ಯತೆ ಜಾಸ್ತಿ. ಪೇಸ್ಲಿಪ್, ಫುಲ್ ಅಂಡ್ ಫೈನಲ್, ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟುಕೊಂಡು, ನಿಮ್ಮ ಸಿಎ ಜೊತೆ ಮಾತಾಡಿ ಆಮೇಲೆ ಆ ದಾರಿ ಹಿಡಿಯಿರಿ.

ನೇರ ಪಾವತಿಗೆ ಈ ದಾರಿಯೇ ಇಲ್ಲ ಅನ್ನುವುದನ್ನು ಗಮನಿಸಿ. ಅಲ್ಲಿ ಜೂನ್ ಸಂಬಳ ಪೂರ್ತಿ ಕೈಗೆ ಬಂತು, ಸಂಬಳದಿಂದ ಏನನ್ನೂ ಮುರಿದುಕೊಳ್ಳಲಿಲ್ಲ. 12,50,000 ಹಾಗೇ ಉಳಿಯುತ್ತದೆ. ಕೈಗೆ ಹಗುರ ಅನಿಸಿದ ದಾರಿ ಇವರಿಗೆ ತೆರಿಗೆಯಲ್ಲಿ ಭಾರ.

ವರ್ಷ ದಾಟಿಸುವುದು, ಎನ್‌ಪಿಎಸ್‌ಗೆ ಹಾಕುವುದು

ಎರಡನೆಯ ದಾರಿ, ಹಣವನ್ನು ಎರಡು ಭಾಗ ಮಾಡುವುದು. ಈ ವರ್ಷ 1,10,000, ಮುಂದಿನ ಏಪ್ರಿಲ್ ಆದ ಮೇಲೆ 60,000. ಈ ವರ್ಷದ ಆದಾಯ 11,90,000ಕ್ಕೆ ನಿಲ್ಲುತ್ತದೆ, ಉಳಿತಾಯ ಖಾತೆಯ ಬಡ್ಡಿ, ಊರಿನ ಸೊಸೈಟಿಯಲ್ಲಿಟ್ಟ ಎಫ್‌ಡಿ ಬಡ್ಡಿಗೆ ಹತ್ತು ಸಾವಿರದ ಜಾಗ ಉಳಿಯುತ್ತದೆ. ಆ ಬಡ್ಡಿಯೂ ಆದಾಯವೇ, ಮರೆಯಬೇಡಿ. ಮುಂದಿನ ವರ್ಷ ಸಂಬಳ 12,00,000, ಡಿಡಕ್ಷನ್ ಕಳೆದು 11,25,000, ಅದಕ್ಕೆ 60,000 ಸೇರಿದರೂ 11,85,000. ಎರಡೂ ವರ್ಷ ತೆರಿಗೆ ಸೊನ್ನೆ.

ಆದರೆ ಎರಡು ಮಿತಿ ಇವೆ. ಸುಮ್ನೆ ತಡ ಮಾಡಿ ಕೊಟ್ಟರೆ ಆಗುವುದಿಲ್ಲ. ಹಣ ಈ ವರ್ಷವೇ ಕೊಡಬೇಕಾಗಿತ್ತು ಅಂತಿದ್ದರೆ ತೆರಿಗೆಯೂ ಈ ವರ್ಷಕ್ಕೇ. "ಎರಡನೇ ಕಂತು 2026ರ ಮೇ 1ಕ್ಕೆ, ಆ ದಿನ ಕೆಲಸದಲ್ಲಿದ್ದರೆ ಮಾತ್ರ" ಅಂತ ಆಫರ್ ಲೆಟರ್‌ನಲ್ಲೇ ಇರಬೇಕು. ಅಂದರೆ ಅಷ್ಟರೊಳಗೆ ಕೆಲಸ ಬಿಟ್ಟರೆ ಆ 60,000 ಹೋಯಿತು. ಇನ್ನೊಂದು, ಏಪ್ರಿಲ್‌ನಲ್ಲೇ ಇನ್‌ಕ್ರಿಮೆಂಟ್ ಬಂದರೆ ಮುಂದಿನ ವರ್ಷದ ಜಾಗ ಮುಚ್ಚಿಹೋಗುತ್ತದೆ, ಲೆಕ್ಕ ಕೆಡುತ್ತದೆ. ಜುಲೈನಲ್ಲಿ ಸೇರಿದವರಿಗೆ ಮೊದಲ ಇನ್‌ಕ್ರಿಮೆಂಟ್ ಯಾವಾಗ ಅಂತ ಎಚ್‌ಆರ್ ಹತ್ತಿರ ಕೇಳಿಯೇ ಇದನ್ನು ಆರಿಸಿ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ 2025 ಬಂದಿದೆ, ಸೆಕ್ಷನ್, ಫಾರ್ಮ್ ನಂಬರ್‌ಗಳು ಬದಲಾಗಿವೆ, ಇಲ್ಲಿ ಬರೆದಿರುವುದು 2025-26ರ ನಂಬರ್‌ಗಳು. ಬೈಔಟ್ ಹಣ ಅಲ್ಲಿಯೂ ಸಂಬಳವೇ.

ಮೂರನೆಯದು ಎನ್‌ಪಿಎಸ್, ಅಂದರೆ ರಾಷ್ಟ್ರೀಯ ಪಿಂಚಣಿ ಯೋಜನೆ. ಹೊಸ ಪದ್ಧತಿಯಲ್ಲಿ 80ಸಿ ತರಹದ ವಿನಾಯಿತಿ ಇಲ್ಲ. ಆದರೆ ಮಾಲೀಕರು ನಿಮ್ಮ ಎನ್‌ಪಿಎಸ್ ಖಾತೆಗೆ ಹಾಕುವ ಹಣಕ್ಕೆ ಬೇಸಿಕ್‌ನ 14 ಪರ್ಸೆಂಟ್ ತನಕ ವಿನಾಯಿತಿ ಇದೆ. ಪುಣೆಯಲ್ಲಿ ಇವರ ಬೇಸಿಕ್ 50,000 ಅಂದುಕೊಂಡರೆ ತಿಂಗಳಿಗೆ 7,000, ಒಂಬತ್ತು ತಿಂಗಳಿಗೆ 63,000. ಅಷ್ಟನ್ನು ಸ್ಪೆಷಲ್ ಅಲೊವನ್ಸ್‌ನಿಂದ ತೆಗೆದು ಎನ್‌ಪಿಎಸ್‌ಗೆ ಹಾಕಲು ಸೇರುವಾಗಲೇ ಕೇಳಿದರೆ 12,50,000 ಇದ್ದದ್ದು 11,87,000 ಆಗುತ್ತದೆ. ಮತ್ತೆ ಸೊನ್ನೆ. ಹಣ ನಿಮ್ಮದೇ, ಆದರೆ ನಿವೃತ್ತಿಯ ಕಾಲದ ತನಕ ಹೆಚ್ಚು ಕಡಿಮೆ ಬೀಗ ಬಿದ್ದಂತೆ. ಎಲ್ಲ ಕಂಪನಿಯಲ್ಲೂ ಈ ಸೌಲಭ್ಯ ಇರುವುದಿಲ್ಲ, ಇದ್ದರೂ ವರ್ಷದ ಮಧ್ಯದಲ್ಲಿ ಬದಲಿಸಲು ಬಿಡದವರು ಇದ್ದಾರೆ. ಕೈಯಲ್ಲಿ ಖರ್ಚಿಗೆ ಸಾಕಷ್ಟು ಇರುವವರಿಗೆ ನಾನು ಮೊದಲು ಸೂಚಿಸುವುದು ಇದನ್ನೇ, ಯಾಕೆಂದರೆ ಇದರಲ್ಲಿ ಯಾರ ಜೊತೆಯೂ ವಾದ ಮಾಡಬೇಕಿಲ್ಲ.

ಟಿಡಿಎಸ್ ಕಟ್ ಆಗಿಲ್ಲ ಅಂದರೆ

ಕಳೆದ ಜುಲೈನಲ್ಲಿ ಒಬ್ಬರು ಬಂದು ಕೇಳಿದ ಮಾತು ಇದು: "ಅಲ್ರೀ ಸರ, ಎರಡೂ ಕಂಪನ್ಯಾಗ ಟಿಡಿಎಸ್ ಒಂದು ರೂಪಾಯಿ ಹಿಡಿದಿಲ್ಲ. ಮತ್ತ ಈಗ್ಯಾಕ ಕಟ್ಟಬೇಕ್ರೀ?"

ಕಾರಣ ಸರಳ. ಹೊಸ ಕಂಪನಿಗೆ ಹಳೆ ಸಂಬಳ ಗೊತ್ತಿಲ್ಲ. ನಮ್ಮ ಎಂಜಿನಿಯರ್‌ನ ಲೆಕ್ಕದಲ್ಲೇ ನೋಡಿ. ಪುಣೆಯವರು 9,00,000ಕ್ಕೆ 1,70,000 ಸೇರಿಸಿ, 75,000 ಕಳೆದು 9,95,000 ಅಂತ ಹಿಡಿಯುತ್ತಾರೆ. 12 ಲಕ್ಷದ ಒಳಗೆ, ಹಾಗಾಗಿ ಟಿಡಿಎಸ್ ಇಲ್ಲ. ಬೆಳಗಾವಿಯವರು ವರ್ಷಕ್ಕೆ 10,20,000 ಅಂತ ಹಿಡಿದಿದ್ದರು, ಅವರೂ ಹಿಡಿಯಲಿಲ್ಲ. ಪೇಸ್ಲಿಪ್ ನೋಡಿದವರಿಗೆ ಬೈಔಟ್ ತೆರಿಗೆ ಇಲ್ಲದ ಹಣ ಅನಿಸುತ್ತದೆ. ರಿಟರ್ನ್ ತುಂಬುವಾಗ ಎರಡೂ ಫಾರ್ಮ್ 16 ಕೂಡಿಸಿದರೆ 52,000 ಎದ್ದು ನಿಲ್ಲುತ್ತದೆ. ಅಡ್ವಾನ್ಸ್ ಟ್ಯಾಕ್ಸ್ ಕಟ್ಟಿಲ್ಲ ಅಂತ ಬಡ್ಡಿ ಬೇರೆ. ಜುಲೈನಲ್ಲಿ ಕಟ್ಟಿದರೂ ನಾಲ್ಕು ಸಾವಿರ ದಾಟುತ್ತದೆ.

ಸೇರಿದ ತಿಂಗಳೇ ಹಳೆ ಕಂಪನಿಯ ಸಂಬಳದ ವಿವರವನ್ನು ಫಾರ್ಮ್ 12ಬಿಯಲ್ಲಿ ಕೊಟ್ಟರೆ ಇದು ಆಗಸ್ಟ್‌ನಲ್ಲೇ ಗೊತ್ತಾಗುತ್ತದೆ. ಆಗ ಎನ್‌ಪಿಎಸ್ ಕೇಳಲು ಸಮಯ ಇರುತ್ತದೆ, ಎರಡನೇ ಕಂತಿನ ಬಗ್ಗೆ ಮಾತಾಡಲೂ ಆಗುತ್ತದೆ. ಜಾಸ್ತಿ ಸಂಬಳದವರಿಗೆ ಇನ್ನೊಂದು ತೊಂದರೆ: ಕೆಲವು ಪೇರೋಲ್ ಸಾಫ್ಟ್‌ವೇರ್‌ಗಳು ಬೈಔಟ್ ಮೇಲಿನ ಪೂರ್ತಿ ತೆರಿಗೆಯನ್ನು ಅದೇ ತಿಂಗಳು ಮುರಿಯುತ್ತವೆ. 1,70,000 ಬರುತ್ತದೆ ಅಂತ ಕಾಯ್ದವರಿಗೆ 1,17,000 ಬರುತ್ತದೆ. ಉಳಿದ ತಿಂಗಳುಗಳಿಗೆ ಹಂಚಿ ಹಿಡಿಯಿರಿ ಅಂತ ಕೇಳಬಹುದು. ವರ್ಷದ ಒಟ್ಟು ತೆರಿಗೆ ಬದಲಾಗುವುದಿಲ್ಲ, ಆ ತಿಂಗಳ ಮನೆ ಖರ್ಚು ನಡೆಯುತ್ತದೆ.

ಯಾರಿಗೆ ಯಾವುದು?

ವರ್ಷದ ಒಟ್ಟು ಆದಾಯ ಬೈಔಟ್ ಸೇರಿ 12 ಲಕ್ಷದ ಒಳಗೇ ಇದ್ದರೆ ತೆರಿಗೆಯ ತಲೆನೋವು ಬಿಡಿ. ಬೇಗ ಸಿಗುವುದನ್ನು, ರಸೀದಿ ಬೇಡದ್ದನ್ನು ಆರಿಸಿ, ಅಂದರೆ ಜಾಯ್ನಿಂಗ್ ಬೋನಸ್. ಹಳೆ ಮ್ಯಾನೇಜರ್ ಸ್ವಲ್ಪ ದಿನ ಬಿಟ್ಟುಕೊಡುವ ಸಾಧ್ಯತೆ ಇದ್ದರಂತೂ ಬೋನಸ್ಸೇ ಸರಿ.

ಬೈಔಟ್ ಸೇರಿದರೆ ಮಾತ್ರ ಗೆರೆ ದಾಟುವವರು ಪೇರೋಲ್ ರಿಇಂಬರ್ಸ್‌ಮೆಂಟ್ ಆರಿಸಿ, ಹಳೆ ಕಂಪನಿಯಲ್ಲಿ ಕಡಿತ ಸಂಬಳದಿಂದಲೇ ಆಗುವಂತೆ, ಫಾರ್ಮ್ 16ರಲ್ಲಿ ಹಾಗೇ ಬರುವಂತೆ ನೋಡಿಕೊಳ್ಳಿ. ನಿಜ ಹೇಳಬೇಕೆಂದರೆ ಹೊಸ ಕಂಪನಿ ಬೋನಸ್ ಅಂತ ಕೊಟ್ಟರೂ ಹಳೆ ಕಡಿತದ ವಾದ ಉಳಿಯುತ್ತದೆ, ಆದರೆ ಎರಡೂ ಕಾಗದದಲ್ಲಿ ಒಂದೇ ಮೊತ್ತ, ಒಂದೇ ಕಾರಣ ಇದ್ದರೆ ಅಧಿಕಾರಿಗೆ ವಿವರಿಸುವುದು ಸುಲಭ. ಜೊತೆಗೆ ಎನ್‌ಪಿಎಸ್ ಅಥವಾ ಎರಡು ಕಂತು ಕೇಳಿ. 24 ಲಕ್ಷ ದಾಟಿದವರು ಗ್ರಾಸ್-ಅಪ್ ಕೇಳಿ. ಕೇಳುವುದು ಆಫರ್ ಒಪ್ಪುವ ಮುಂಚೆ, ಆಮೇಲೆ ಯಾರೂ ಕೊಡುವುದಿಲ್ಲ.

ನೇರ ಪಾವತಿಯನ್ನು ನಾನು ಒಬ್ಬರಿಗೆ ಮಾತ್ರ ಹೇಳುತ್ತೇನೆ: ಕೈಯಲ್ಲಿ ಕಟ್ಟಲು ಹಣವೇ ಇಲ್ಲದವರಿಗೆ, ಕಟ್ಟದೆ ಹಳೆ ಕಂಪನಿ ರಿಲೀವಿಂಗ್ ಲೆಟರ್ ಕೊಡುವುದಿಲ್ಲ ಅಂದಾಗ. ಬಡ್ಡಿಗೆ ಕೈಸಾಲ ಮಾಡುವುದಕ್ಕಿಂತ ಅದು ಮೇಲು.

ಯಾವುದನ್ನೇ ಆರಿಸಿದರೂ ಫೋನಿನ ಮಾತಿಗೆ ನಿಲ್ಲಬೇಡಿ. ಎಚ್‌ಆರ್‌ಗೆ ಹೀಗೆ ಬರೆಯಿರಿ: "ನೋಟಿಸ್ ಬೈಔಟ್ ಮೊತ್ತ ಗರಿಷ್ಠ ಎಷ್ಟು, ಅದು ತೆರಿಗೆಗೆ ಮುಂಚಿನ ಮೊತ್ತವೋ ನಂತರದ್ದೋ, ಯಾವ ಕಾಗದ ಕೊಟ್ಟ ಮೇಲೆ ಯಾವ ತಿಂಗಳ ಸಂಬಳದಲ್ಲಿ ಬರುತ್ತದೆ, ಎಷ್ಟು ತಿಂಗಳೊಳಗೆ ಬಿಟ್ಟರೆ ಎಷ್ಟು ವಾಪಸ್ ಕೊಡಬೇಕು ಅಂತ ಆಫರ್ ಲೆಟರ್‌ನಲ್ಲಿ ಸೇರಿಸಿ ಕಳಿಸಿ."

ಕೊನೆಯ ಪ್ರಶ್ನೆಯನ್ನು ಹಗುರವಾಗಿ ತಗೋಬೇಡಿ. ವಾಪಸ್ ಕೇಳುವಾಗ ಕಂಪನಿಗಳು 1,70,000 ಪೂರ್ತಿ ಕೇಳುತ್ತವೆ, ನಿಮ್ಮ ಕೈಗೆ ಬಂದದ್ದು ತೆರಿಗೆ ಹೋಗಿ ಉಳಿದದ್ದು. ವಾಪಸ್ ಕೊಡುವುದು ಮುಂದಿನ ಹಣಕಾಸು ವರ್ಷದಲ್ಲಾದರೆ ಹೋದ ವರ್ಷ ಕಟ್ಟಿದ ತೆರಿಗೆಯನ್ನು ಮರಳಿ ಪಡೆಯುವುದು ಬಹಳ ಕಷ್ಟ. ಅದಕ್ಕೆ ಎರಡು ಮಾತು ಸೇರಿಸಲು ಕೇಳಿ: ಕೆಲಸ ಮಾಡಿದ ತಿಂಗಳುಗಳಿಗೆ ತಕ್ಕಂತೆ ವಾಪಸಾತಿ ಇಳಿಯಬೇಕು, ಮತ್ತು ವಾಪಸ್ ಕೊಡುವುದು ತೆರಿಗೆ ಕಳೆದು ಕೈಗೆ ಬಂದ ಮೊತ್ತ ಮಾತ್ರ. ಮೊದಲನೆಯದಕ್ಕೆ ಒಪ್ಪುವ ಕಂಪನಿಗಳು ಸಾಕಷ್ಟು ಇವೆ. ಎರಡನೆಯದನ್ನು ಒಪ್ಪದಿದ್ದರೆ, ಆ ತೆರಿಗೆಯಷ್ಟು ಹಣವನ್ನು ವರ್ಷ ತುಂಬುವ ತನಕ ಬೇರೆ ಖಾತೆಯಲ್ಲಿ ಇಟ್ಟಿರಿ.